ಶಾರದಾ ತಿರುಗಿ ನೋಡಿದರೆ ಢಂ ಅನ್ನಬೇಕೆ?

ಹೋದ ವಾರ ನನ್ನ ಸೊಸೆ ಶಾರದಾ ವಿಲನ್ ಆದಳು. ಏನೂ ಮಾಡಿರಲಿಲ್ಲ. ಒಂದು ಮಾತೂ ಆಡಿರಲಿಲ್ಲ. ಬರೀ ತಿರುಗಿ ನೋಡಿದ್ದಳು, ಅಷ್ಟೇ.

ನನ್ನ ಮೊಮ್ಮಗ, ಅಂದರೆ ಶಾರದಾಳ ಮಗ ಮಂಜುವಿನ ನಿಶ್ಚಿತಾರ್ಥ ಹರಿಹರದಲ್ಲಿ ಹುಡುಗಿ ಕಾವ್ಯಳ ಮನೆಯಲ್ಲಿ ಆಯಿತು. ವಿಡಿಯೋ ಮಾಡಿದವನು ಅಲ್ಲಿಯ ಸ್ಟುಡಿಯೋ ರಮೇಶ. ಈಗ ‘ಸೀರಿಯಲ್ ಸ್ಟೈಲ್’ ಎಡಿಟಿಂಗ್ ಫ್ಯಾಷನ್ ಅಂತೆ. ಬೀಗರು ಕೇಳಿದರು, ಅವನು ಮಾಡಿಕೊಟ್ಟ. ಮೊಬೈಲಿಗೆ ಬಂದದ್ದನ್ನು ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆಯ ಟಿವಿಗೆ ಹಾಕಿ ಎಲ್ಲರೂ ಕೂತು ನೋಡಿದೆವು.

ಮಂಜು ಬಂದರೆ ಗಿಟಾರು. ಕಾವ್ಯ ಬಂದರೆ ಕೊಳಲು, ಜೊತೆಗೆ ಯಾವಳೋ ಆ... ಆ... ಎಂದು ಗುನುಗುವುದು. ನಾನು ಬಂದರೆ ಅಳುವ ವೀಣೆ. (ನಾನಿನ್ನೂ ಸತ್ತಿಲ್ಲ ಕಣಪ್ಪ!)

ಶಾರದಾ ಬಂದಳು ನೋಡಿ. ಮೊದಲು ನೆಲದಡಿಯಿಂದ ಬಂದಂಥ ಗುಂಯ್ ಎನ್ನುವ ದಪ್ಪ ಪಿಟೀಲು. ಆಮೇಲೆ ಢಂ! ಮುಖ ಹತ್ತಿರ. ಢಂ! ಮತ್ತೊಂದು ಕಡೆಯಿಂದ ಅದೇ ಮುಖ. ಢಂ! ಬರೀ ಕಣ್ಣು. ತಟ್ಟನೆ ಕಾವ್ಯಳ ಮುಖ, ಅದರ ಹಿಂದೆ ಲಬ್ ಡಬ್ ಎಂದು ಎದೆಬಡಿತ.

ಮಂಜು ಬಿದ್ದು ಬಿದ್ದು ನಕ್ಕ. ಶಾರದಾಳೂ ನಕ್ಕಳು. ನಿಶ್ಚಿತಾರ್ಥದ ಹಿಂದಿನ ದಿನವೇ ಅವಳು ದವಡೆ ಹಲ್ಲು ಕೀಳಿಸಿಕೊಂಡಿದ್ದಳು. ಕೆನ್ನೆ ಊದಿತ್ತು. ತುಟಿ ಬಿಚ್ಚಲೂ ಆಗದವಳು ಅವತ್ತು ಕ್ಯಾಮೆರಾ ಮುಂದೆ ಎಲ್ಲಿಂದ ನಗುವುದು?

ಆದರೆ ಹರಿಹರದಲ್ಲಿ ಯಾರೂ ನಗಲಿಲ್ಲ. ಕಾವ್ಯಳ ತಾಯಿ ಪಾರ್ವತಮ್ಮ ನನಗೆ ಫೋನ್ ಮಾಡಿದರು.

“ಅಮ್ಮಾರ, ಸಿಟ್ಟಾಗಬ್ಯಾಡ್ರಿ. ಮದುವಿ ಆದ್ಮ್ಯಾಲೆ ಹುಡುಗ್ರು ನಿಮ್ಮೂರಾಗೇ ವಿದ್ಯಾನಗರದಾಗೆ ಬ್ಯಾರೆ ಮನಿ ಮಾಡ್ಲಿ ಅಂತ ನಮ್ಮ ವಿಚಾರ.”

“ಯಾಕ್ರಿ? ನಮ್ಮ ಮನ್ಯಾಗೆ ರೂಮಿಲ್ಲೇನು?”

“ರೂಮಿನ ಮಾತಲ್ರಿ. ನಿಮ್ಮ ಸೊಸಿ ನಮ್ಮ ಹುಡುಗೀನ ನೋಡಿದ್ದು ನೋಡಿದ್ರೇನು? ನಮ್ಮ ಮಂದಿ ಎಲ್ಲಾ ಅದನ್ನೇ ಮಾತಾಡಕತ್ತಾರೆ. ಒಪ್ಪಲಿಲ್ಲ ಅಂದ್ರೆ ಮದುವಿ ವಿಚಾರನೇ ಮತ್ತೆ ಕೂತು ಮಾತಾಡಾಣ.”

ಫೋನು ಸ್ಪೀಕರಿನಲ್ಲಿತ್ತು. ಶಾರದಾ ಪಕ್ಕದಲ್ಲೇ ಸೊಪ್ಪು ಸೋಸುತ್ತಿದ್ದಳು. ಕೈ ನಿಂತಿತು. “ಅತ್ತಿ, ನಾನು ಹಂಗ ಕಾಣ್ತೀನೇನ್ರಿ?” ಎಂದಳು.

ನನ್ನ ಪಿತ್ತ ನೆತ್ತಿಗೇರಿತು.

ಓದುಗರೇ, ನಾನು ಶಾಲೆಯಲ್ಲಿ ಕಲಿತದ್ದು ಕಡಿಮೆ, ಸೀರಿಯಲ್ಲಿನಲ್ಲಿ ಕಲಿತದ್ದು ಜಾಸ್ತಿ. ಟಿವಿಗೆ ಬೆನ್ನು ಹಾಕಿ ರೊಟ್ಟಿ ಬಡಿಯುತ್ತಲೇ ಯಾರು ಬಂದರೆಂದು ಹೇಳಬಲ್ಲೆ. ಒಬ್ಬೊಬ್ಬರಿಗೂ ಒಂದೊಂದು ರಾಗದ ತುಣುಕು ಕಟ್ಟಿರುತ್ತಾರೆ. ಬಂದಾಗಲೆಲ್ಲ ಅದನ್ನೇ ಬಾರಿಸಿ ಬಾರಿಸಿ ನಮ್ಮ ಕಿವಿಗೆ ರೂಢಿ ಮಾಡಿಸುತ್ತಾರೆ. ಆಮೇಲೆ ಆಳೇ ಬೇಡ. ಬಾಗಿಲ ಸಂದು ತೋರಿಸಿ ಆ ತುಣುಕು ಹಾಕಿದರೆ ಸಾಕು, ಕೆಟ್ಟವಳು ಹಿಂದೆ ನಿಂತಿದ್ದಾಳೆಂದು ನಮಗೆ ಗೊತ್ತು. ಗೊತ್ತಿಲ್ಲದ್ದು ಒಳಗಿರುವ ಪಾಪದವಳಿಗೆ ಮಾತ್ರ. ಅವಳಿಗೆ ಆ ಸಂಗೀತ ಕೇಳಿಸುವುದಿಲ್ಲವಲ್ಲ! ಅಪಾಯ ಬರುವಾಗಲೂ ಅಷ್ಟೇ. ಮೊದಲು ಎಲ್ಲ ಸದ್ದು ನಿಲ್ಲುತ್ತದೆ, ಆಮೇಲೆ ಸಣ್ಣ ಪಿಟೀಲೊಂದು ಕೀಂ ಎಂದು ಏರುತ್ತದೆ. ಲಾರಿ ಬರುವುದು ಆಮೇಲೆ. ಪ್ರೀತಿಯ ಹಾಡನ್ನಂತೂ ಹುಡುಗ ಹುಡುಗಿ ಜಗಳವಾಡುವಾಗಲೇ ಒಂದೆಳೆ ನುಡಿಸಿಬಿಡುತ್ತಾರೆ. ಅವರಿಬ್ಬರಿಗಿಂತ ಮೊದಲೇ ನಾವು ಅವರ ಮದುವೆ ಮಾಡಿ ಮುಗಿಸಿರುತ್ತೇವೆ.

ಸೀರಿಯಲ್ಲಿಗೆ ಅದೆಲ್ಲ ಸರಿ. ಅಲ್ಲಿಯ ಅತ್ತೆ ಶೂಟಿಂಗ್ ಮುಗಿಸಿ ಬಣ್ಣ ತೊಳೆದುಕೊಂಡು ಮನೆಗೆ ಹೋಗುತ್ತಾಳೆ. ನಮ್ಮ ಶಾರದಾ ಎಲ್ಲಿಗೆ ಹೋಗಬೇಕು?

ಮರುದಿನ ಬೆಳಿಗ್ಗೆಯೇ ಹರಿಹರದ ಬಸ್ ಹತ್ತಿದೆ. ಪಾರ್ವತಮ್ಮನನ್ನೂ ಕಾವ್ಯಳನ್ನೂ ನೇರ ಸ್ಟುಡಿಯೋಕ್ಕೇ ಬರಲು ಹೇಳಿದ್ದೆ. ಬಂದರು, ಮುಖ ಗಂಟಿಕ್ಕಿಕೊಂಡು.

“ಏನಪ್ಪ ರಮೇಶ, ನಮ್ಮ ಸೊಸಿ ನಿನಗೇನು ಮಾಡಿದ್ಲು?” ಎಂದೆ.

“ಅಜ್ಜಿ, ನಂದೇನೂ ತಪ್ಪಿಲ್ರಿ. ಹುಡುಗನ ತಾಯಿ ಅಂದ್ರೆ ಆ ಮ್ಯೂಸಿಕ್ಕೇ. ಎಲ್ಲಾ ರೆಡಿ ಇರ್ತಾವ್ರಿ.”

ಕಂಪ್ಯೂಟರಿನಲ್ಲಿ ತೋರಿಸಿದ. ಲವ್, ಟೆನ್ಷನ್, ಸೆಂಟಿಮೆಂಟ್, ವಿಲನ್ ಎಂದು ಬೇರೆ ಬೇರೆ ಫೋಲ್ಡರು. ದೊಡ್ಡ ಸೀರಿಯಲ್ಲಿನಲ್ಲೂ ಹೀಗೇ ಅಂತೆ. ಶುರುವಿನಲ್ಲೇ ಪಾತ್ರಕ್ಕೊಂದು ಟ್ಯೂನ್ ಮಾಡಿಸಿ, ಅದನ್ನೇ ಸಂತೋಷಕ್ಕೊಂದು ದುಃಖಕ್ಕೊಂದು ಥರ ನುಡಿಸಿ ಇಟ್ಟುಕೊಳ್ಳುತ್ತಾರೆ. ದಿನಾ ಹೊಸದು ಮಾಡಲು ಪುರುಸೊತ್ತೆಲ್ಲಿ? ಎಡಿಟ್ ಆದ ದೃಶ್ಯಕ್ಕೆ ಅದರಿಂದಲೇ ತೆಗೆದು ಅಂಟಿಸುವುದು. ಅತ್ತೆ ಒಳ್ಳೆಯವಳಾದ ದಿನ ಅವಳ ಅದೇ ಟ್ಯೂನನ್ನು ಕೊಳಲಿನಲ್ಲಿ ನಿಧಾನಕ್ಕೆ ಬಿಟ್ಟರಾಯಿತು.

“ನಮ್ಮವಳು ಯಾವತ್ತು ಕೆಟ್ಟವಳಾಗಿದ್ಲೋ ನೀನು ಒಳ್ಳೆಯವಳು ಮಾಡಾಕೆ? ಮೊದ್ಲು ಸೌಂಡ್ ತೆಗಿ.”

ತೆಗೆದ. ಅದೇ ಶಾರದಾ, ಅದೇ ಮೂರು ಸಲ. ಸದ್ದಿಲ್ಲದೆ ನೋಡಿದರೆ ಕೆನ್ನೆ ಊದಿದ, ಸುಸ್ತಾದ ಹೆಂಗಸು. ಪಾರ್ವತಮ್ಮ ಕನ್ನಡಕ ಸರಿಮಾಡಿಕೊಂಡರು.

“ಈಗ ಕೊಳಲು ಹಾಕು.”

ಹಾಕಿದ. ಓಹೋ! ಅತ್ತೆ ಕಣ್ಣು ತುಂಬಿಕೊಂಡು ಸೊಸೆಯಾಗುವವಳನ್ನು ನೋಡುತ್ತಿದ್ದಾಳೆ! ಮುಖದಲ್ಲಿ ಕೂದಲೆಳೆಯಷ್ಟೂ ಬದಲಾಗಿಲ್ಲ.

“ಆದ್ರೂ ಅಮ್ಮಾರ,” ಪಾರ್ವತಮ್ಮ ಬಿಡಲಿಲ್ಲ, “ಅಷ್ಟು ಹೊತ್ತು ದಿಟ್ಟಿಸಿ ನೋಡಿದ್ದು ಯಾಕಂತೀನಿ?”

ನ್ಯಾಯವಾದ ಪ್ರಶ್ನೆ. “ಕತ್ತರಿಸೋಕೆ ಮುಂಚಿಂದು ಐತೇನೋ?” ಎಂದು ರಮೇಶನನ್ನು ಕೇಳಿದೆ. ಇತ್ತು. ಹಾಕಿದ.

ಶಾರದಾ ತಿರುಗುತ್ತಾಳೆ. ಹುಬ್ಬು ಗಂಟಿಕ್ಕುತ್ತಾಳೆ. ಕಣ್ಣು ಕೆಳಗೆ, ಕಾವ್ಯಳ ಸೀರೆಯ ಕಡೆ. ಅಲ್ಲಿಗೆ ನಿಲ್ಲಿಸಿದ್ದನಲ್ಲ, ಅದರ ಮುಂದಿನದು ಈಗ ಕಂಡಿತು. ಉರಿಯುವ ಎಣ್ಣೆ ದೀಪದ ಕಂಬದ ಹತ್ತಿರ ಕಾವ್ಯಳ ಸೆರಗು ಜೋತು ಬಿದ್ದಿದೆ. ಶಾರದಾ ಎರಡು ಹೆಜ್ಜೆ ಇಟ್ಟು ಸೆರಗು ಎಳೆದು ಅವಳ ಭುಜಕ್ಕೆ ಹಾಕುತ್ತಾಳೆ, ದೀಪವನ್ನು ಆಚೆ ಸರಿಸುತ್ತಾಳೆ. ಕಾವ್ಯ ಫೋಟೋಕ್ಕೆ ನಗುತ್ತಲೇ ಇದ್ದಾಳೆ.

“ಇದನ್ನ ಯಾಕೋ ತೆಗೆದಿ?”

“ಬೀಟಿಗೆ ಕೂಡ್ಲಿಲ್ರಿ ಅಜ್ಜಿ.”

ಬೀಟಿಗೆ ಕೂಡಲಿಲ್ಲವಂತೆ! ಬೆಂಕಿಯಿಂದ ಉಳಿಸಿದ ಕೈ ಕತ್ತರಿಸಿ ಎಸೆದ, ಹೆದರಿಸುವಂಥ ಕಣ್ಣು ಉಳಿಸಿಕೊಂಡ. ಢಂ ಎನ್ನಲು ಅದೇ ಬೇಕಲ್ಲ.

ಕಾವ್ಯ ತಾಯಿಯ ಕಡೆ ತಿರುಗಿದಳು. “ಅವ್ವಾ, ನನಗೆ ಬ್ಯಾರೆ ಮನಿ ಬ್ಯಾಡ. ಅತ್ತಿಯವ್ರಿಗೆ ಫೋನ್ ಹಚ್ಚು, ನಾನೇ ಮಾತಾಡ್ತೀನಿ.” ಪಾರ್ವತಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡರು. “ನಾವು ಕಿವಿ ಕೊಟ್ವಿ, ಕಣ್ಣು ಕೊಡ್ಲಿಲ್ರಿ ಅಮ್ಮಾರ,” ಎಂದರು. ಅವರು ದೊಡ್ಡವರು, ಒಪ್ಪಿಕೊಂಡರು. ರಮೇಶ ವಿಡಿಯೋ ಸರಿಮಾಡಿದ. ಮದುವೆ ಮಾತು ಗಟ್ಟಿಯಾಯಿತು.

ಎಲ್ಲ ಸುಖಾಂತ ಅನ್ನುತ್ತೀರಾ? ನಿಲ್ಲಿ.

ಮೊನ್ನೆ ಪಾರ್ವತಮ್ಮ, ಕಾವ್ಯ ಇಬ್ಬರೂ ಸೀರೆ ಆರಿಸಲು ನಮ್ಮ ಮನೆಗೆ ಬಂದಿದ್ದರು. ಚಹಾದ ತಟ್ಟೆ ಹಿಡಿದು ಶಾರದಾ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ತಕ್ಷಣ ಒಳಗೆ ಬರಲಿಲ್ಲ. ಹುಬ್ಬು ಸಡಿಲಿಸಿದಳು. ತುಟಿ ಅಗಲ ಮಾಡಿದಳು. ಆ ನಗು ಸರಿಯಾಗಿ ಕೂತಿತೆಂದು ಖಾತ್ರಿಯಾದ ಮೇಲೆ ಹೆಜ್ಜೆ ಇಟ್ಟಳು.

ತನ್ನದೇ ಮನೆಯ ನಡುಮನೆಗೆ ಬರಲು ಹೆಂಗಸೊಬ್ಬಳು ಬಾಗಿಲಲ್ಲಿ ನಿಂತು ಮುಖ ತಯಾರು ಮಾಡಿಕೊಳ್ಳಬೇಕೇನು?