ಕ್ಲಬ್ಬಿನ ಹೆಸರಿನಲ್ಲಿ ಹೋದ ಪುಡಿ

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಸಿದ್ದಾಪುರದ ಹತ್ತಿರ ಪ್ಲಾಂಟರುಗಳದೊಂದು ಕ್ಲಬ್ಬಿತ್ತು. ಅಲ್ಲಿನ ಟೆನಿಸ್ ಅಂಗಳ ನೋಡಿಕೊಳ್ಳುತ್ತಿದ್ದವನು ಸಾಂತಪ್ಪ. ದೊರೆಗಳ ಆಟ ಹೇಗೇ ಇರಲಿ, ಅವರ ಕ್ಯಾನ್ವಾಸ್ ಬೂಟು ಮಾತ್ರ ಮಲ್ಲಿಗೆ ಹೂವಿನ ಹಾಗಿರುತ್ತಿತ್ತು. ಹದಿನೆಂಟು ವರ್ಷ ಅದನ್ನು ಬೆಳ್ಳಗೆ ಮಾಡಿದವನು ಬರಿಗಾಲಲ್ಲೇ ಓಡಾಡುತ್ತಿದ್ದ.

ಅವನಿಗೆ ಬೇಕಾದ ಸಾಮಾನೆಲ್ಲ ನನ್ನ ಅಂಗಡಿಯಿಂದಲೇ. ಬಾರ್ ಸೋಪು, ಅಡಿಗೆ ಸೋಡ, ಹಲ್ಲುಪುಡಿ, ಬಿಳಿ ಜೇಡಿಮಣ್ಣಿನ ಬಿಲ್ಲೆ. ಲಾಭವಿಲ್ಲದ ಗಿರಾಕಿ, ಪಾಠ ಮಾತ್ರ ಧಾರಾಳ.

"ಮೊದ್ಲು ಕೆಸರು ಒಣಗ್ಬೇಕು ಸಾವ್ಕಾರ್ರೆ. ಹಸಿ ಇರೋವಾಗ ಉಜ್ಜಿದ್ರೆ ನೂಲಿನ ಒಳಗೇ ಹೋಗಿ ಕೂತ್ಕೊಳ್ತದೆ. ಲೇಸು ತೆಗ್ದು, ಮೆತ್ತನೆ ಬ್ರಷ್ಷು, ತಣ್ಣನೆ ಸೋಪಿನ ನೀರು. ನೆನೆಹಾಕೋದು ಬೇಡ, ಅಂಟು ಸಡಿಲ ಆಗ್ತದೆ. ಸೋಪು ಪೂರ್ತಿ ಹೋಗೋ ತನಕ ಒದ್ದೆ ಬಟ್ಟೇಲಿ ಒರೆಸ್ಬೇಕು. ಸೋಪು ಉಳಿದ್ರೆ ಅದೇ ಹಳದಿ ಆಗ್ತದೆ."

"ಅಟ್ಟೆಯ ರಬ್ಬರಿಗೆ?" ಎಂದು ಕೇಳಿದೆ.

"ಸೋಡ ಇಲ್ಲಾ ಹಲ್ಲುಪುಡಿ, ನೀರಲ್ಲಿ ಕಲೆಸಿ ಬೆರಳಲ್ಲೇ ಉಜ್ಜೋದು. ಒಳಗೇ ಇಳಿದ ಹಳೇ ಹಳದಿ ಪೂರ್ತಿ ಹೋಗಲ್ಲ. ಹೋಗ್ತದೆ ಅಂತ ಹೇಳೋನು ನಿಮ್ಮ ಹಾಗೆ ವ್ಯಾಪಾರದೋನು."

ಒಳಗೆ ಬಿಳಿ ಬಟ್ಟೆ ತುರುಕಿ ನೆರಳಲ್ಲಿ, ಗಾಳಿಗೆ ಇಡುತ್ತಿದ್ದ. ಕೊನೆಗೆ ಜೇಡಿಮಣ್ಣು ಕಲಸಿ ತೆಳ್ಳಗೊಂದು ಕೈ ಬಳಿಯುತ್ತಿದ್ದ. ಮಳೆಗಾಲದಲ್ಲಿ ಒಂದು ಜೊತೆ ಒಣಗಲು ಮೂರು ದಿನ. ಒಲೆಯ ಹತ್ತಿರ ಮಾತ್ರ ಇಡುತ್ತಿರಲಿಲ್ಲ. "ಅಂಟು ಬೆವರ್ಬಾರ್ದು" ಎನ್ನುವುದು ಅವನ ಮಾತು.

ಹೆಂಡತಿಯ ತಮ್ಮ ಪೂವಯ್ಯ ಕೆಲಸವಿಲ್ಲದೆ ಕೂತಿದ್ದಾಗ ಸಾಂತಪ್ಪನೇ ಸೆಕ್ರೆಟರಿ ದೊರೆಯ ಕಾಲು ಹಿಡಿದು ಅವನನ್ನು ಕ್ಲಬ್ಬಿಗೆ ಸೇರಿಸಿದ. ಪಾಠವನ್ನೂ ಹೇಳಿಕೊಟ್ಟ. ಪೂವಯ್ಯನಿಗೆ ಪಾಠಕ್ಕಿಂತ ಭಾವನ ಜಾಗ ಹೆಚ್ಚು ಹಿಡಿಸಿತು.

ಆ ವರ್ಷ ಅಕ್ಟೋಬರಿನಲ್ಲೂ ಮಳೆ ಬಿಟ್ಟಿರಲಿಲ್ಲ. ಬೇರೆ ಕ್ಲಬ್ಬಿನವರ ಜೊತೆ ಪಂದ್ಯವೆಂದು ಗೊತ್ತಾದ ವಾರವೇ ಸಾಂತಪ್ಪ ಮಲೇರಿಯ ಹಿಡಿದು ಮಲಗಿದ. ಹನ್ನೊಂದು ಜೊತೆ ಬೂಟು ಪೂವಯ್ಯನ ಕೈಗೆ ಬಂತು. ಅವನು ನನ್ನ ಅಂಗಡಿಗೆ ಬಂದು, "ಬ್ಲೀಚಿಂಗ್ ಪೌಡರ್ ಒಂದು ಡಬ್ಬ ಕೊಡಿ. ಕ್ಲಬ್ಬಿನ ಹೆಸರಿಗೆ" ಎಂದ.

"ಬಾವಿಗಾ?"

"ಬಾವಿಗೇ ಅಂತ ಇಟ್ಕೊಳ್ಳಿ" ಎಂದು ನಕ್ಕ. ನಾನೂ ನಕ್ಕು ಕೊಟ್ಟೆ.

ರಾತ್ರಿಯಿಡೀ ಆ ಪುಡಿಯ ನೀರಲ್ಲಿ ಬೂಟು ನೆನೆಹಾಕಿ, ಮರುದಿನ ಕ್ಲಬ್ಬಿನ ಅಡಿಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದನಂತೆ. ಮೇಲೆ ಜೇಡಿಮಣ್ಣು ದಪ್ಪಗೆ ಬಳಿದ. ಪಂದ್ಯದ ಬೆಳಿಗ್ಗೆ ಬೂಟು ನೋಡಿದ ಸೆಕ್ರೆಟರಿ ದೊರೆ, "ಸಾಂತಪ್ಪನಿಗಿಂತ ಚೆನ್ನಾಗಿ ಮಾಡಿದ್ದೀ" ಎಂದರು.

ಎರಡನೇ ಸೆಟ್ಟಿನಲ್ಲಿ ಅದೇ ದೊರೆಯ ಎಡಗಾಲಿನ ಅಟ್ಟೆ ಬಾಯಿ ಬಿಟ್ಟಿತು. ಬೂಟು ಮುಂದೆ ಓಡಿತು, ಅಟ್ಟೆ ಹಿಂದೆ ಉಳಿಯಿತು, ದೊರೆ ನಡುವೆ ಬಿದ್ದರು. ಸಂಜೆಗೆ ಉಳಿದವರ ಬೂಟಿನ ಮಣ್ಣು ಉದುರಿತು, ಒಳಗಿನ ಬಟ್ಟೆ ಹಳದಿ. ಲೇಸು ಎಳೆದರೆ ತೂತಿನ ಅಂಚೇ ಕಿತ್ತು ಬರುತ್ತಿತ್ತು.

ವಿಚಾರಣೆಗೆ ಸಾಂತಪ್ಪ ಕಂಬಳಿ ಹೊದ್ದೇ ಬಂದ. ಒಂದು ಬೂಟು ಎತ್ತಿ ಮೂಸಿದ, ಅಟ್ಟೆಯ ಅಂಚು ಮುಟ್ಟಿ ನೋಡಿದ.

"ಇದು ಬ್ಲೀಚಿಂಗ್ ಪುಡಿ. ಬೆಂಕೀನೂ ತೋರಿಸಿದಾನೆ. ಹೌದೇನೋ ಪೂವ?"

ಪೂವಯ್ಯ ದೊರೆಯ ಕಡೆ ತಿರುಗಿ ಹೇಳಿದ: "ನಂಗೇನು ಗೊತ್ತು ಸಾರ್? ಭಾವ ಹಾಸಿಗೆಯಿಂದ ಹೇಳಿ ಕಳಿಸಿದ್ರು. ಅವರು ಹೇಳಿದ ಹಾಗೆ ಮಾಡ್ದೆ."

ಸಾಂತಪ್ಪ ಬೂಟು ಕೆಳಗಿಟ್ಟ. ಆಮೇಲೆ ನನ್ನ ಕಡೆ ನೋಡಿದ. ದೊರೆ ನನ್ನನ್ನೂ ಕರೆಸಿದ್ದರು.

"ಸಾಹುಕಾರರೇ, ಪೌಡರ್ ಯಾರ ಮಾತಿನ ಮೇಲೆ ಹೋಯಿತು?" ಎಂದು ದೊರೆ ಕೇಳಿದರು.

ಕ್ಲಬ್ಬಿನ ಅಕ್ಕಿಯಿಂದ ಸೋಡಾ ಬಾಟಲಿವರೆಗೆ ನನ್ನ ಅಂಗಡಿಯದೇ. ಮುಂದೆ ಸಾಮಾನು ಒಯ್ಯಲು ಬರುವವನು ಪೂವಯ್ಯ ಎಂಬುದು ಆಗಲೇ ಕಾಣುತ್ತಿತ್ತು.

"ಕ್ಲಬ್ಬಿನ ಹೆಸರಿನಲ್ಲಿ ಹೋಗಿದೆ ಸಾರ್" ಎಂದೆ.

ಸುಳ್ಳಲ್ಲ; ಪೂವಯ್ಯ ಅಂದು ಭಾವನ ಹೆಸರೇ ಎತ್ತಿರಲಿಲ್ಲ ಎಂಬುದನ್ನು ಮಾತ್ರ ಹೇಳಲಿಲ್ಲ. ಅದಕ್ಕೇ ಅಷ್ಟು ಚೆನ್ನಾಗಿ ಕೆಲಸ ಮಾಡಿತು. ಅಂದೇ ಸಾಂತಪ್ಪನ ಕೆಲಸ ಹೋಯಿತು.

ಸೊಸೈಟಿ ಕಟ್ಟಡದ ಜಗಲಿ ನನ್ನ ಅಂಗಡಿಗೆ ನೇರ ಎದುರು. ತಿಂಗಳೊಳಗೆ ಸಾಂತಪ್ಪ ಅಲ್ಲಿ ಕೂತು ಶಾಲೆಯ ಡ್ರಿಲ್ ಬೂಟು ಬೆಳ್ಳಗೆ ಮಾಡತೊಡಗಿದ. ಅಕ್ಕಪಕ್ಕ ಬೇರೆ ಜಗಲಿಗಳಿದ್ದವು. ಮೊದಲ ದಿನವೇ ಸೋಪಿಗೆ ನನ್ನಲ್ಲಿಗೇ ಬಂದ. ತಮ್ಮನ ಮಾತು ನಂಬಿ ಹೆಂಡತಿಯೂ ಮಾತು ಬಿಟ್ಟಿದ್ದಾಳೆಂದು ಊರಲ್ಲಿ ಸುದ್ದಿಯಿತ್ತು.

"ಹೇಗಿದ್ದೀ ಸಾಂತಪ್ಪ?" ಎಂದೆ. ಕೇಳಬಾರದಿತ್ತು.

ಅವನು ಸೋಪು ಮೂಸಿ ನೋಡಿದ, ದುಡ್ಡು ಇಟ್ಟ.

"ಯಾರಾದ್ರೂ ಕೇಳಿದ್ರೆ, ಇದು ಸಾಂತಪ್ಪನ ಹೆಸರಲ್ಲಿ ಹೋಯ್ತು ಅಂತ ಹೇಳಿ ಸಾವ್ಕಾರ್ರೆ. ಮರೆತುಬಿಟ್ಟೀರಿ."