ಬಾರದ ಹಣಕ್ಕೆ ಬಿದ್ದ ಸಹಿ

ನನ್ನ ತಮ್ಮನ ಮಗಳನ್ನು ನಮ್ಮ ಬೀದಿಯಲ್ಲಿ ಎಲ್ಲರೂ ಬೆತ್ತದಕ್ಕ ಎಂದೇ ಕರೆಯುತ್ತಾರೆ. ಕುರ್ಚಿಯ ಸೀಟಿಗೆ ಬೆತ್ತ ಹೆಣೆಯುವುದು ಅವಳ ಕಸುಬು. ಮುಂಬಾಗಿಲ ಪಕ್ಕದ ಕೋಣೆಯಲ್ಲಿ ಒಂದು ಟಬ್ಬಿನ ತುಂಬ ನೀರು, ಅದರಲ್ಲಿ ನೆನೆಯುತ್ತಿರುವ ಬೆತ್ತದ ಸೀಳು, ಅವಳ ಮಂಡಿಗಳ ನಡುವೆ ಸಿಕ್ಕಿಬಿದ್ದ ಒಂದು ಕುರ್ಚಿ. ಮಾತು ಕಡಿಮೆ, ಆದರೆ ಆಡಿದರೆ ಉಪ್ಪು ಖಾರ ಸರಿಯಾಗಿರುತ್ತದೆ. “ಮುಂದಿನ ಅಂಚು ಸವೆದಿದ್ರೆ ಯಾವಾಗ ಮನೆಗೆ ಓಡ್ಲಿ ಅಂತ ಕೂತಿರೋನು. ನಡುವೆ ಗುಂಡಿ ಬಿದ್ದಿದ್ರೆ ನಿದ್ದೆ ಹೊಡೆಯೋನು,” ಎಂದು ಕಚೇರಿಯ ಕುರ್ಚಿಗಳ ಜಾತಕ ಹೇಳುತ್ತಾಳೆ.

ಅವಳಿಗೆ ಬೆತ್ತ ಕೊಡುವವನು ಅವಳ ಅಣ್ಣನೇ. ಪೇಟೆಯಲ್ಲಿ ಅವನ ಅಂಗಡಿ. ಸಾಲದ ಮೇಲೆ ಕೊಡುತ್ತಿದ್ದ, ಕೆಲಸದ ದುಡ್ಡು ಬಂದಾಗ ಅವಳು ತೀರಿಸುತ್ತಿದ್ದಳು. ಹದಿನಾರು ವರ್ಷ ಹೀಗೆಯೇ ನಡೆಯಿತು.

ಹೋದ ಫೆಬ್ರವರಿಯಲ್ಲಿ ಅಳತೆ ಇಲಾಖೆಯ ಕಚೇರಿಯಿಂದ ಇಪ್ಪತ್ತೆರಡು ಕುರ್ಚಿ ಬಂದವು. ತಿಂಗಳ ಕೊನೆಗೆ ಹೆಣೆದು ಮುಗಿಸಿದಳು. ಮಾರ್ಚ್ ಮೂರಕ್ಕೆ ಬಿಲ್ಲು ಕೊಡಲು ಹೋದಾಗ ನಾನೂ ಜೊತೆಗಿದ್ದೆ. ಬಿಲ್ಲಿನ ಗುಮಾಸ್ತ ಬಲು ನಯವಾಗಿ ಮಾತಾಡಿದ. ನಯ ಹೆಚ್ಚಾದಷ್ಟೂ ನನಗೆ ಸೆರಗು ಬಿಗಿಮಾಡಿಕೊಳ್ಳಬೇಕು ಅನ್ನಿಸುತ್ತದೆ.

“ಅಕ್ಕ, ಈ ಸ್ಟಾಂಪಿನ ಮೇಲೆ ಒಂದು ಸಹಿ ಹಾಕಿಬಿಡಿ.”

“ಇದರಲ್ಲೇನು ಬರೆದಿದೆ?” ಎಂದು ನಾನು ಕೇಳಿದೆ.

“ಹಣ ಸಂದಿದೆ ಅಂತ ರಶೀದಿ, ಅಮ್ಮ.”

“ಹಣ ಎಲ್ಲಿ ಸಂದಿದೆ?”

“ಮುಂಗಡ ರಶೀದಿ ಅಮ್ಮ ಇದು. ಇದಿಲ್ಲದೆ ಬಿಲ್ಲು ಖಜಾನೆಗೆ ಹೋಗಲ್ಲ. ಎಲ್ಲರೂ ಹೀಗೇ ಕೊಡೋದು.”

ಬೆತ್ತದಕ್ಕ ಸಹಿ ಹಾಕಿದಳು. ಹಿಂದಿನ ಸಲವೂ ಹಾಕಿದ್ದಳಂತೆ, ಹಣ ಬಂದಿತ್ತಂತೆ. ಊಟಕ್ಕೆ ಮೊದಲೇ ಎಲೆ ಮಡಚಿದ ಹಾಗಾಯಿತಲ್ಲ ಎಂದುಕೊಂಡೆ ನಾನು.

ಮಾರ್ಚ್ ಕಳೆಯಿತು, ಏಪ್ರಿಲ್ ಕಳೆಯಿತು. ಹಣ ಬರಲಿಲ್ಲ. ಕಚೇರಿಗೆ ಹೋದರೆ “ನಮ್ಮ ಕಡೆಯಿಂದ ಆಗಿದೆ, ಬ್ಯಾಂಕಲ್ಲಿ ಕೇಳಿ.” ಬ್ಯಾಂಕಿಗೆ ಹೋದರೆ “ನಮಗೇನೂ ಬಂದಿಲ್ಲ, ಕಚೇರೀಲಿ ಕೇಳಿ.” ಮೇ ತಿಂಗಳಲ್ಲಿ ಅಣ್ಣ ತಾನೇ ಕಚೇರಿಗೆ ಹೋಗಿ ವಿಚಾರಿಸಿದ. ಅದೇ ನಯದ ಗುಮಾಸ್ತ ಕಡತ ತೆಗೆದು, ತಂಗಿಯ ಸಹಿ ಇದ್ದ ರಶೀದಿಯನ್ನು ತೋರಿಸಿದನಂತೆ.

ಅಂದು ಸಂಜೆ ಅಣ್ಣ ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲಿ ನಿಂತ.

“ದುಡ್ಡು ಬಂದಿದೆ. ನೀನೇ ಸಹಿ ಹಾಕಿದೀಯ. ನನ್ನ ಕಣ್ಣಾರೆ ನೋಡಿದೆ.”

“ಬಂದಿಲ್ಲ ಅಣ್ಣ. ಅದು ಮೊದಲೇ ತಗೊಳ್ಳೋ ರಶೀದಿ.”

“ಬರದೆ ಇರೋ ದುಡ್ಡಿಗೆ ಬಂತು ಅಂತ ಯಾರಾದ್ರೂ ಬರೆದುಕೊಡ್ತಾರಾ? ನನ್ನ ಕಿವೀಲಿ ಹೂ ಕಾಣಿಸ್ತಿದೆಯಾ?”

ನಾನು ಎದ್ದು, “ಅಳಿಯ, ಅವಳು ಸಹಿ ಹಾಕೋವಾಗ ನಾನು ಅಲ್ಲೇ ಇದ್ದೆ,” ಎಂದೆ.

“ನೀವು ಅವಳ ಮನೇಲಿ ಊಟ ಮಾಡ್ತೀರಿ ಅತ್ತೆ,” ಎಂದು ಹೊರಟುಹೋದ.

ಅಂಗಡಿಯಿಂದ ಬೆತ್ತ ಬರುವುದು ನಿಂತಿತು. ಟಬ್ಬಿನ ನೀರು ಚೆಲ್ಲಿ ಬೋರಲು ಹಾಕಿದ್ದಾಯಿತು. ಬೆತ್ತಕ್ಕಿಂತ ಹೆಚ್ಚಾಗಿ, ಅಣ್ಣ ತನ್ನನ್ನು ಕಳ್ಳಿ ಎಂದುಕೊಂಡಿದ್ದಾನೆ ಎನ್ನುವುದೇ ಅವಳನ್ನು ಚುಚ್ಚುತ್ತಿತ್ತು. ನನಗಂತೂ ಗುಮಾಸ್ತನ ಮೇಲೇ ಅನುಮಾನ. ಅವನ ಹೊಸ ಕೈಗಡಿಯಾರ ನೋಡಿದಾಗಲೆಲ್ಲ ಅದರಲ್ಲಿ ನಮ್ಮ ಎಷ್ಟು ಕುರ್ಚಿ ಇವೆಯೋ ಎಂದು ಲೆಕ್ಕ ಹಾಕುತ್ತಿದ್ದೆ.

ಕಚೇರಿಯ ಎದುರಿಗೆ ಟೈಪು ಮಾಡಿಕೊಡುವ ಹೆಂಗಸೊಬ್ಬಳಿದ್ದಾಳೆ. ಅವಳ ಹತ್ತಿರ ಹೋಗಿ, “ಗುಮಾಸ್ತ ದುಡ್ಡು ನುಂಗಿದಾನೆ ಅಂತ ಹಾಕಮ್ಮ,” ಎಂದೆ.

“ನುಂಗಿದ್ದನ್ನ ನೀವು ನೋಡಿದ್ರಾ ಅಜ್ಜಿ?”

“ನೋಡಬೇಕೇನು? ಹೊಗೆ ಕಾಣ್ತಾ ಇದೆಯಲ್ಲ.”

“ಹೊಗೆ ಅಂತ ಬರೆದ್ರೆ ಉತ್ತರಾನೂ ಹೊಗೇನೇ ಬರತ್ತೆ. ಬೈಗುಳಕ್ಕೆ ಅವರು ಉತ್ತರ ಕೊಡಬೇಕಾಗಿಲ್ಲ. ತಾರೀಕು ಕೇಳಿದ್ರೆ ಕೊಡ್ಲೇಬೇಕು. ಮಂಜೂರಾತಿ ಆದೇಶದ ಪ್ರತಿ ಇದೆಯಾ?”

ಬೆತ್ತದಕ್ಕ ಕೊಟ್ಟಳು. ಅದನ್ನು ನೋಡಿಕೊಂಡು ಆ ಹೆಂಗಸು, ಗುಮಾಸ್ತನಿಗಲ್ಲ, ಕಚೇರಿಯ ಮುಖ್ಯ ಅಧಿಕಾರಿಗೇ ಬರೆದಳು:

“ಮಾನ್ಯರೇ, ತಮ್ಮ ಕಚೇರಿಯ ಮಂಜೂರಾತಿ ಆದೇಶ ಸಂಖ್ಯೆ ೧೪೭, ದಿನಾಂಕ ಫೆಬ್ರವರಿ ೧೨ರಂತೆ ಇಪ್ಪತ್ತೆರಡು ಕುರ್ಚಿಗಳ ಹೆಣಿಗೆಗೆ ರೂ. ೧೮,೭೦೦ ಮಂಜೂರಾಗಿರುತ್ತದೆ. ಕುರ್ಚಿಗಳನ್ನು ಫೆಬ್ರವರಿ ೨೮ರಂದು ಒಪ್ಪಿಸಿ, ಬಿಲ್ಲು ಮತ್ತು ಮುಂಗಡ ರಶೀದಿಯನ್ನು ಮಾರ್ಚ್ ೩ರಂದು ಸಲ್ಲಿಸಿರುತ್ತೇನೆ. ಈ ದಿನದವರೆಗೆ ಹಣ ನನ್ನ ಖಾತೆಗೆ ಜಮೆಯಾಗಿರುವುದಿಲ್ಲ. ಬ್ಯಾಂಕಿನ ವಿವರಪಟ್ಟಿ ಲಗತ್ತಿಸಿದ್ದೇನೆ. ಸದರಿ ಹಣವನ್ನು ಯಾವ ದಿನ, ಯಾವ ಬಿಲ್ಲಿನ ಸಂಖ್ಯೆಯಲ್ಲಿ, ಯಾವ ಖಾತೆಗೆ ಕಳುಹಿಸಲಾಗಿದೆ ಎಂಬುದನ್ನು ದಯವಿಟ್ಟು ತಿಳಿಸಿ, ಪಾವತಿಗೆ ಕ್ರಮ ಕೈಗೊಳ್ಳಬೇಕೆಂದು ವಿನಯಪೂರ್ವಕ ಕೋರುತ್ತೇನೆ.”

“ಇಷ್ಟು ಮರ್ಯಾದೆ ಯಾಕೆ?” ಎಂದೆ.

“ಮರ್ಯಾದೆಗೇನು ದುಡ್ಡು ಕೊಡಬೇಕಾ ಅಜ್ಜಿ? ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿ ಮೇಲೆ ಮೊಹರು ಹಾಕಿಸಿಕೊಳ್ಳಿ. ಗುಮಾಸ್ತರ ಕೈಗೆ ಕೊಡಬೇಡಿ.”

ಜೂನ್ ಒಂಬತ್ತಕ್ಕೆ ಮೊಹರು ಬಿತ್ತು. ವಾರ ಕಳೆದ ಮೇಲೆ ಗುಮಾಸ್ತನೇ ಫೋನು ಮಾಡಿ ಕರೆದ. ದಾರಿಯುದ್ದಕ್ಕೂ ನಾನು ಬೆತ್ತದಕ್ಕನಿಗೆ ಹೇಳಿದ್ದು ಒಂದೇ ಮಾತು: “ಯಾವುದಕ್ಕೂ ಸಹಿ ಹಾಕಬೇಡ.”

ಗುಮಾಸ್ತನ ಮುಖ ಇಳಿದಿತ್ತು. ಅರ್ಜಿಯ ಅಂಚಿನಲ್ಲಿ ಅಧಿಕಾರಿ ಕೆಂಪು ಶಾಯಿಯಲ್ಲಿ ‘ಖಜಾನೆಯಿಂದ ಖಚಿತಪಡಿಸಿ’ ಎಂದು ಬರೆದಿದ್ದರು.

“ಹಣ ಮಾರ್ಚ್ ಇಪ್ಪತ್ತಾರಕ್ಕೆ ಹೋಗಿದೆ, ಇಪ್ಪತ್ತೆಂಟಕ್ಕೆ ವಾಪಸ್ ಬಂದಿದೆ ಅಕ್ಕ. ನಿಮ್ಮ ಬ್ಯಾಂಕಿನ ಶಾಖೆ ಇನ್ನೊಂದಕ್ಕೆ ಸೇರಿಕೊಂಡು ಕೋಡು ಬದಲಾಗಿದೆ. ನಮ್ಮಲ್ಲಿ ಹಳೇದೇ ಇತ್ತು. ಖಜಾನೇಲಿ ವಾಪಸ್ ಬಂದ ಹಣದ ಲೆಕ್ಕದಲ್ಲೇ ಇದೆ.”

“ಮೂರು ತಿಂಗಳು ನೋಡ್ಲಿಲ್ವಾ?” ಎಂದೆ.

“ವರ್ಷದ ಕೊನೆ ಅಮ್ಮ, ಇನ್ನೂರು ಬಿಲ್ಲು. ಹಣ ಹೋಗಿದೆ ಅಂತ ಖಜಾನೆಯಿಂದ ಬಂದಿತ್ತು, ಕಡತ ಮುಚ್ಚಿಬಿಟ್ಟೆ. ಇವರೂ ಬಿಲ್ಲಲ್ಲಿ ‘ಖಾತೆ ವಿವರ ಮೊದಲಿನಂತೆ’ ಅಂತ ಬರೆದಿದಾರೆ.”

ಅದು ನಿಜ. ಬೆತ್ತದಕ್ಕ ಪ್ರತಿ ಸಲವೂ ಹಳೆಯ ಬಿಲ್ಲನ್ನು ಮುಂದಿಟ್ಟುಕೊಂಡು, ತಾರೀಕು ಮತ್ತು ಮೊತ್ತ ಮಾತ್ರ ಬದಲಿಸಿ, ಅಕ್ಷರಕ್ಕೆ ಅಕ್ಷರ ಇಳಿಸುತ್ತಾಳೆ. ಹೆಣಿಗೆಯ ಕೈ ಅದು, ಹಳೆಯ ನಮೂನೆ ಬಿಡುವುದಿಲ್ಲ. ಖಾತೆಯ ಸಂಖ್ಯೆ ಬದಲಾಗದೆ ಇದ್ದದ್ದರಿಂದ ಅವಳಿಗೆ ಹೊಳೆದೂ ಇರಲಿಲ್ಲ.

“ಹೊಸ ಪಾಸ್‌ಬುಕ್ಕಿನ ಪ್ರತಿ ಕೊಡಿ, ತಿದ್ದುಪಡಿ ಕಳಿಸ್ತೀನಿ. ಹೊಸ ಮಂಜೂರಾತಿ ಬೇಕಾಗಿಲ್ಲ.”

“ಕೊಡ್ತೀನಿ,” ಎಂದಳು ಬೆತ್ತದಕ್ಕ. “ಆದ್ರೆ ಹಣ ವಾಪಸ್ ಬಂದಿದೆ ಅಂತ ನೀವು ನನಗೆ ಬರೆದುಕೊಡಿ.”

“ಹಣಾನೇ ಬರತ್ತಲ್ಲ ಅಕ್ಕ, ಅದ್ಯಾಕೆ?”

“ನನ್ನ ರಶೀದೀನ ನಮ್ಮಣ್ಣಂಗೆ ತೋರಿಸಿದ್ರಲ್ಲ, ಇದನ್ನೂ ತೋರಿಸಬೇಕು.”

ಅವನು ತಲೆ ತಗ್ಗಿಸಿ ಒಳಗೆ ಹೋದ. ಅಧಿಕಾರಿಯ ಸಹಿ ಬೀಳುವವರೆಗೆ ನಾವು ಬೆಂಚಿನ ಮೇಲೆ ಕೂತಿದ್ದೆವು. ಗುಮಾಸ್ತನ ಆ ಕೈಗಡಿಯಾರದ ಮೇಲೆ ನನಗೆ ಇನ್ನೂ ಪೂರ್ತಿ ನಂಬಿಕೆ ಬಂದಿರಲಿಲ್ಲ, ಅದು ಬೇರೆ ಮಾತು.

ಅಲ್ಲಿಂದ ಬೆತ್ತದಕ್ಕ ನೇರ ಅಣ್ಣನ ಅಂಗಡಿಗೆ ಹೋದಳು, ಹಿಂದೆಯೇ ನಾನೂ. ಅವನು ಕಾಗದವನ್ನು ಎರಡು ಸಲ ಓದಿದ, ಮೊಹರನ್ನು ಬೆಳಕಿಗೆ ಹಿಡಿದು ನೋಡಿದ. ತಪ್ಪಾಯಿತು ಎನ್ನಲಿಲ್ಲ. ಒಳಗಿನಿಂದ ದೊಡ್ಡದೊಂದು ಬೆತ್ತದ ಕಟ್ಟು ತಂದು ಅವಳ ಮುಂದಿಟ್ಟು, “ದುಡ್ಡು ಬಂದಾಗ ಕೊಡು,” ಎಂದ.

ಅಷ್ಟು ವರ್ಷ ಅವನು ಕೊಟ್ಟ ಕಟ್ಟನ್ನು ಅವಳು ಹಾಗೆಯೇ ಹೊತ್ತು ತರುತ್ತಿದ್ದಳು. ಅಂದು ಅಂಗಡಿಯ ಮೆಟ್ಟಿಲ ಮೇಲೆ ಕೂತು ಕಟ್ಟು ಬಿಚ್ಚಿದಳು. ಒಂದೊಂದು ಎಳೆಯನ್ನೂ ಬಗ್ಗಿಸಿ, ಬೆರಳಾಡಿಸಿ ನೋಡಿದಳು. ಮೂರು ಎಳೆ ತೆಗೆದು ಅವನ ಗಲ್ಲಾಪೆಟ್ಟಿಗೆಯ ಮೇಲಿಟ್ಟಳು.

“ಇವು ಬಿರುಕು ಬಿಟ್ಟಿವೆ ಅಣ್ಣ. ಬದಲಾಯಿಸಿ ಕೊಡು.”

ಅವನು ಒಳಗೆ ಹೋಗಿ ಬೇರೆ ಮೂರು ಎಳೆ ತಂದುಕೊಟ್ಟ.