ಹಳದಿ ಸಾಲುಗಳು

ಆ ಶಾಲೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಫೀಸ್ ಅಕ್ಕ ಎಂದೇ. ಹತ್ತೊಂಬತ್ತು ವರ್ಷದಿಂದ ಆಫೀಸಿನ ಕಿಟಕಿ ಪಕ್ಕದ ಮೇಜು ಅವಳದು. ತಿಂಗಳ ಮೊದಲ ವಾರ ಬಂತೆಂದರೆ ಫೀಸ್ ಬಾಕಿಯಿದ್ದ ಮನೆಗಳಿಗೆಲ್ಲ ಒಂದೊಂದಾಗಿ ಮೇಲ್ ಬರೆಯುವಳು. ಒಬ್ಬರಿಗೆ ಮಗುವಿನ ಜ್ವರ ವಿಚಾರಿಸಿ, ಇನ್ನೊಬ್ಬರಿಗೆ ಸ್ವಲ್ಪ ಗದರಿಸಿ. ಪೂರ್ತಿ ಎರಡು ದಿನದ ಕೆಲಸ. ಆಮೇಲೆ ಬೆನ್ನು ಹಿಡಿದುಕೊಂಡು "ಅಯ್ಯಪ್ಪಾ, ಮುಗೀತು" ಅನ್ನುವುದರಲ್ಲೇ ಅವಳಿಗೊಂದು ಸುಖ.

ಅಷ್ಟರಲ್ಲಿ ಬಂದಳು ನೋಡಿ, ಹೊಸ ಕಂಪ್ಯೂಟರ್ ಟೀಚರ್. ಬಂದು ಮೂರು ತಿಂಗಳಾಗಿಲ್ಲ, ಹೆಡ್ ಮೇಡಂ ಬಾಯಲ್ಲಿ ಹಗಲೆಲ್ಲ ಅವಳದೇ ಜಪ. "ಎರಡು ದಿನದ ಕೆಲಸಾನ ಎರಡು ನಿಮಿಷಕ್ಕೆ ಇಳಿಸ್ತಾಳಂತೆ!" ಎಂದು ಮೇಡಂ ಎಲ್ಲರೆದುರು ಹೊಗಳಿದಾಗ ಫೀಸ್ ಅಕ್ಕನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಹತ್ತೊಂಬತ್ತು ವರ್ಷದಲ್ಲಿ ತನಗೆ ಯಾರಾದರೂ ಒಂದು ಒಳ್ಳೆಯ ಮಾತಾಡಿದ್ದರೇ? ನೆನಪಿಗೆ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಟೀಚರ್ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತಳು. ಬ್ರೌಸರ್‌ನಲ್ಲಿ ಫೀಸಿನ ಶೀಟ್ ತೆರೆದಿತ್ತು.

"ನೋಡಕ್ಕ, ಈ ಸ್ಕ್ರಿಪ್ಟ್ ಅಂದ್ರೆ ನಾನು ಬರೆದಿರೋ ಪುಟ್ಟ ಪ್ರೋಗ್ರಾಂ, ಅದು ಒಂದೊಂದೇ ಸಾಲು ಓದತ್ತೆ. ಬಾಕಿ ಕಾಲಮ್ಮಲ್ಲಿ ಸೊನ್ನೆಗಿಂತ ಜಾಸ್ತಿ ಇದ್ರೆ, ಆ ಸಾಲಲ್ಲಿರೋ ಪೋಷಕರ ಹೆಸರು, ಮಗು ಹೆಸರು, ಮೊತ್ತ ಎಲ್ಲಾನೂ ಮೊದಲೇ ಬರೆದಿಟ್ಟ ಒಂದೇ ಕಾಗದದಲ್ಲಿ ಖಾಲಿ ಬಿಟ್ಟಿರೋ ಜಾಗಕ್ಕೆ ತುಂಬಿ ಮೇಲ್ ಮಾಡತ್ತೆ. ಹೋಯ್ತು ಅಂದ್ರೆ ಕೊನೇ ಕಾಲಮ್ಮಲ್ಲಿ ತಾರೀಕು ಬರೆಯತ್ತೆ, ಮತ್ತೆ ಓಡಿಸಿದ್ರೂ ಅವರಿಗೆ ಎರಡನೇ ಸಲ ಹೋಗಲ್ಲ."

"ಓಹೋ, ಭಾರಿ ಜಾಣೆ," ಅಂದಳು ಅಕ್ಕ. ಹೊಗಳಿದ್ದಲ್ಲ.

ಟೀಚರ್ ಪಾಪ, ನಕ್ಕಳು. ಶೀಟ್ ಕೆಳಗೆ ಸರಿಸುತ್ತಿದ್ದವಳು ತಟ್ಟನೆ ಕೈ ತಡೆದಳು. ನಡುನಡುವೆ ನಾಲ್ಕು ಸಾಲಿಗೆ ಹಳದಿ ಬಣ್ಣ ಬಳಿದಿತ್ತು.

"ಇದೇನಕ್ಕ ಹಳದಿ? ನಾನು ಬರೆದಿರೋದು ಬಣ್ಣ ನೋಡಲ್ಲ, ಒಳಗಿರೋ ಅಕ್ಷರ, ಅಂಕಿ ಅಷ್ಟೇ ಓದತ್ತೆ. ಏನಾದ್ರೂ ಅರ್ಥ ಇದ್ರೆ ಹೇಳಿ, ಬಿಟ್ಟುಬಿಡೋ ಹಾಗೆ ಮಾಡ್ತೀನಿ."

ಅರ್ಥ ಇತ್ತು. ಹಳದಿ ಅಂದರೆ ಸದ್ಯಕ್ಕೆ ಕೇಳಬಾರದ ಮನೆ. ಒಂದು ಮನೆಯಲ್ಲಿ ಕೆಲಸ ಹೋಗಿತ್ತು, ಎರಡು ಮನೆಯಲ್ಲಿ ಆಸ್ಪತ್ರೆ. ನಾಲ್ಕನೆಯದು ಮೂರನೇ ತರಗತಿಯ ಹುಡುಗಿಯ ಮನೆ. ಅವಳ ಅಪ್ಪ ತೀರಿಕೊಂಡು ಇಪ್ಪತ್ತು ದಿನವಾಗಿತ್ತು. ಅವಳ ಅಮ್ಮನ ಕೈ ಹಿಡಿದು, "ಫೀಸಿನ ಚಿಂತೆ ಬಿಡಮ್ಮ, ನಾನು ಮೇಲ್ ಕಳಿಸೋದೇ ಇಲ್ಲ," ಎಂದು ಅಕ್ಕನೇ ಮಾತು ಕೊಟ್ಟಿದ್ದಳು. ಆದರೆ ಶೀಟಿನಲ್ಲಿ ಆತನ ಹೆಸರು ಅಳಿಸಲು ಕೈ ಬಂದಿರಲಿಲ್ಲ. ಸಾಲಿಗೆ ಹಳದಿ ಬಳಿದು ಸುಮ್ಮನಾಗಿದ್ದಳು.

ಇಷ್ಟೆಲ್ಲ ನಾಲಿಗೆ ತುದಿಗೆ ಬಂತು. ಬಂದದ್ದನ್ನು ನುಂಗಿದಳು. ಎಲ್ಲ ಗೊತ್ತಿರೋಳಲ್ವಾ, ಒಂದ್ಸಲ ಮುಗ್ಗರಿಸಲಿ, ಮೇಡಂಗೂ ಗೊತ್ತಾಗಲಿ!

"ಏನಿಲ್ಲ, ಸುಮ್ನೆ ಬಳಿದಿದ್ದು," ಅಂದಳು.

"ಸರಿ. ಕಳಿಸೋದು ನಿಮ್ಮ ಅಕೌಂಟಿಂದಲೇ ಅಲ್ವಾ, ಅನುಮತಿ ನೀವೇ ಕೊಡ್ಬೇಕು."

ಪರದೆ ಮೇಲೆ ಪೆಟ್ಟಿಗೆಯೊಂದು ಮೂಡಿ, ನಿಮ್ಮ ಪರವಾಗಿ ಮೇಲ್ ಕಳಿಸಲು ಒಪ್ಪಿಗೆಯೇ ಎಂದು ಕೇಳಿತು. ಅಕ್ಕ ಅದನ್ನು ಓದುವ ಗೋಜಿಗೇ ಹೋಗದೆ ಒತ್ತಿದಳು. ಎಂಬತ್ತಾರು ಮೇಲ್ ಹೋದವು. ಕೊನೆಯ ಕಾಲಮ್ಮಿನಲ್ಲಿ ತಾರೀಕುಗಳು ಪಟಪಟನೆ ಇಳಿದವು. "ಆಯ್ತು ಮೇಡಂ!" ಎಂದು ಟೀಚರ್ ಕೂಗಿದಳು; ಹೊರಗೆ ಮೇಡಂ ಚಪ್ಪಾಳೆ ತಟ್ಟಿದ್ದು ಕೇಳಿಸಿತು.

ಊಟದ ಹೊತ್ತಿಗೆ ಮೂರನೇ ತರಗತಿಯ ಆ ಹುಡುಗಿಯ ಅಮ್ಮನಿಂದ ಉತ್ತರ ಬಂತು, ನೇರವಾಗಿ ಅಕ್ಕನ ಮೇಲ್‌ಗೆ. ಹೋದ ಮೇಲ್‌ಗಳ ಅಡಿಯಲ್ಲಿದ್ದುದು ಅವಳದೇ ಹೆಸರು, ಅವಳದೇ ವಿಳಾಸ.

'ಅಕ್ಕ, ಇವರ ಹೆಸರು ಹಾಕಿ, ಕ್ಷೇಮವೇ ಅಂತ ಕೇಳಿ, ಹತ್ತನೇ ತಾರೀಕಿನೊಳಗೆ ಕಟ್ಟಿ ಅಂತ ಬರೆದಿದ್ದೀರಿ. ಮೇಲ್ ಬಂದ ಸದ್ದಿಗೆ, ಇನ್ನೂ ಶಾಲೆಗೆ ಬಾರದೆ ಮನೇಲೇ ಇರೋ ಮಗಳು ಓಡಿಬಂದು ಓದಿದಳು. ಅಪ್ಪ ಇದಾರಾ ಅಂತ ಕೇಳ್ತಿದಾಳೆ. ನೀವು ಮಾತು ಕೊಟ್ಟಿದ್ರಿ.'

ಅಕ್ಕ ಅದನ್ನು ಮತ್ತೊಮ್ಮೆ ಓದಿದಳು. ಬೀಳಿಸಬೇಕೆಂದಿದ್ದು ಯಾರನ್ನು, ಬಿದ್ದವರು ಯಾರು!

ಹಿಂದಿನಿಂದ ಓದಿದ ಟೀಚರ್ ಅಳತೊಡಗಿದಳು. "ನಂದೇ ತಪ್ಪಕ್ಕ. ಮೇಡಂಗೆ ನಾನೇ ಹೇಳ್ತೀನಿ. ಆ ಹಳದಿ ಯಾಕೆ ಅಂತ ಇನ್ನೊಂದ್ಸಲ ಕೇಳ್ಬೇಕಿತ್ತು ನಾನು."

ಅವಳನ್ನು ಹಾಗೇ ಮೇಡಂ ಕೋಣೆಗೆ ಹೋಗಲು ಬಿಟ್ಟಿದ್ದರೆ ಮುಗಿಯಿತು. ಮೇಜು, ಹತ್ತೊಂಬತ್ತು ವರ್ಷ, ಎಲ್ಲ ಮೊದಲಿನಂತೆ ಉಳಿಯುತ್ತಿತ್ತು. ಬೆಳಗಿನಿಂದ ಅಕ್ಕ ಬೇಡಿಕೊಂಡಿದ್ದೂ ಅದನ್ನೇ.

"ನಿಲ್ಲೇ," ಅಂದಳು. "ನೀನು ಕೇಳಿದ್ದೆ. ನಾನು ಹೇಳ್ಲಿಲ್ಲ."

"ಯಾಕಕ್ಕ?"

"ಹೊಟ್ಟೆಕಿಚ್ಚು ಕಣೇ. ಇನ್ನೇನು."

ಟೀಚರ್ ಮುಖವನ್ನು ನೋಡುವ ಧೈರ್ಯವಾಗಲಿಲ್ಲ. ಶೀಟ್ ಕಡೆ ತಿರುಗಿದಳು. 'ಕಳಿಸಬೇಡಿ' ಎಂದು ಹೊಸ ಕಾಲಮ್ಮಿಗೆ ತಲೆಬರಹ ಕೊಟ್ಟು ನಾಲ್ಕೂ ಸಾಲಿಗೆ 'ಹೌದು' ಎಂದು ಬರೆದಳು. "ಇದನ್ನಾದ್ರೂ ಓದೋ ಹಾಗೆ ಮಾಡು," ಅಂದಳು. ಆಮೇಲೆ ಇಪ್ಪತ್ತು ದಿನದಿಂದ ಮುಟ್ಟಲಾರದೆ ಬಿಟ್ಟಿದ್ದ ಆ ಹೆಸರನ್ನು ಒಂದೊಂದೇ ಅಕ್ಷರ ಅಳಿಸಿ, ಅಲ್ಲಿ ಹುಡುಗಿಯ ಅಮ್ಮನ ಹೆಸರು ಬರೆದು, ಆ ಮನೆಗೆ ಹೋಗಲು ಚಪ್ಪಲಿ ಮೆಟ್ಟಿದಳು.